ಷಷ್ಠೀ ವಿಭಕ್ತಿ ಬಲ್ಲವರಿಗೆ ಅಪಾಸ್ಟ್ರಫಿ ಕಷ್ಟವಲ್ಲ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಇಂಜಿನಿಯರ್ ಅಂದಕೂಡಲೇ ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂತ ಎಲ್ಲರೂ ಎಣಿಸಿರುತ್ತೀರಿ. ನಾನು ಒಂದು ಹಾಳೆಯ ಬಗ್ಗೆ ಮಾತಾಡುತ್ತೇನೆ. ಕಳೆದ ಎರಡು ವರ್ಷದಿಂದ ಊರಿಗೆ ಬಂದಾಗಲೆಲ್ಲ ಶನಿವಾರ ನಮ್ಮ ಶಾಲೆಯ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳ ಜೊತೆ ಕೂತು, ಇಂಗ್ಲಿಷ್ ಗುರುಮಾತೆಯವರ ಜೊತೆ ಸೇರಿ, ತಪ್ಪು ತಿದ್ದುವ ಹಾಳೆಗಳನ್ನು ಮಾಡುತ್ತಿದ್ದೇನೆ. ಅಲ್ಪವಿರಾಮ, ಅಪಾಸ್ಟ್ರಫಿ, ದೊಡ್ಡಕ್ಷರ, ಒಂದಿಷ್ಟು ಕಾಗುಣಿತ, ಇಷ್ಟೇ ಅದರಲ್ಲಿ ಇರುವುದು. ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲಿ ತಪ್ಪಿರುವ ಪ್ಯಾರಾ ಕೊಟ್ಟು ತಿದ್ದಿ ಬರೆಯಿರಿ ಅಂತ ಕೇಳುತ್ತಾರಲ್ಲ, ಅದೇ ಜಾತಿಯ ಕೆಲಸ. ಆದರೆ ನಮ್ಮ ಕಣ್ಣಿದ್ದದ್ದು ಆ ಒಂದೆರಡು ಅಂಕದ ಮೇಲಲ್ಲ. ಇಲ್ಲಿಂದ ಪಾಸಾಗಿ ಹೋದ ಹುಡುಗ ಹುಡುಗಿಯರು ಮುಂದೆ ಡಿಪ್ಲೊಮಾ, ಬಿಎಸ್ಸಿ, ಬಿಇ ಮುಗಿಸಿ ಕೆಲಸಕ್ಕೆ ಅರ್ಜಿ ಬರೆಯುತ್ತಾರೆ. ಅರ್ಜಿ ಓದುವವನಿಗೆ ಇವರ ಬುದ್ಧಿ ಕಾಣುವುದಿಲ್ಲ, ನಾಲ್ಕು ಸಾಲಿನ ಇ-ಮೇಲ್ ಕಾಣುತ್ತದೆ. ನಾನೇ ಈಗ ಅಂಥ ಅರ್ಜಿಗಳನ್ನು ಓದುವ ಕಡೆ ಕೂತಿದ್ದೇನೆ. ವಿಷಯ ಗಟ್ಟಿಯಾಗಿ ಬಲ್ಲ ಹುಡುಗನ ಕಾಗದ ಓದುವಾಗ ಪಕ್ಕದಲ್ಲಿ ಕೂತವರು ‘ಇದೇನು, ಹೆಸರಿಗೂ ಸಣ್ಣಕ್ಷರ’ ಅಂತ ಬದಿಗಿಟ್ಟಾಗ ಹೊಟ್ಟೆ ಉರಿಯುತ್ತದೆ.

ಪೇಟೆಯಲ್ಲಿ ಸಿಗುವ ಅಭ್ಯಾಸ ಪುಸ್ತಕಗಳಲ್ಲಿ ಇಂಥ ಹಾಳೆ ಬೇಕಾದಷ್ಟಿವೆ. ಮೇಲೆ ‘ಅಪಾಸ್ಟ್ರಫಿ ಹಾಕಿರಿ’ ಅಂತ ತಲೆಬರಹ, ಕೆಳಗೆ ಹತ್ತು ವಾಕ್ಯ. ಮಕ್ಕಳು ಹತ್ತಕ್ಕೆ ಹತ್ತು ಸರಿ ಮಾಡುತ್ತಾರೆ. ಯಾಕೆ ಮಾಡುವುದಿಲ್ಲ? ಹತ್ತೂ ವಾಕ್ಯದಲ್ಲಿ ಅಪಾಸ್ಟ್ರಫಿ ಬರಲೇಬೇಕು ಅಂತ ತಲೆಬರಹವೇ ಹೇಳಿದೆ, ವಾಕ್ಯದಲ್ಲಿ ಎಸ್ ಎಲ್ಲಿದೆ ಅಂತ ಹುಡುಕಿ ಅದರ ಮುಂದೆ ಒಂದು ಗೀರು ಎಳೆದರೆ ಮುಗಿಯಿತು. ಮರುದಿನ ಅದೇ ಮಗು ರಜೆಯ ಚೀಟಿ ಬರೆದಾಗ ಬೇಕಾದಲ್ಲಿ ಗೀರಿಲ್ಲ, ಬೇಡವಾದಲ್ಲಿ ಇದೆ. ಬಾಳೆಹಣ್ಣುಗಳು ಅನ್ನುವುದಕ್ಕೂ ಅಪಾಸ್ಟ್ರಫಿ ಎಸ್. ಎಸ್ ಇರುವ ಎಲ್ಲ ಪದಕ್ಕೂ ಗೀರು ಬಿದ್ದಿದೆ ಅಂದರೆ, ಆ ಮಗುವಿನ ತಲೆಯಲ್ಲಿ ಗುರುತು ಮಾತ್ರ ಕೂತಿದೆ, ಕಾರಣ ಕೂತಿಲ್ಲ ಅಂತ ಅರ್ಥ.

ಅದಕ್ಕೆ ನಮ್ಮ ಹಾಳೆಯಲ್ಲಿ ಮೂರು ಅಂಕಣ ಮಾಡಿದೆವು. ಮೊದಲನೆಯದರಲ್ಲಿ ಕೊಟ್ಟ ವಾಕ್ಯ, ಎರಡನೆಯದರಲ್ಲಿ ತಿದ್ದಿ ಪೂರ್ತಿ ಬರೆದ ವಾಕ್ಯ, ಮೂರನೆಯದು ‘ಯಾಕೆ?’. ಮೂರನೆಯದನ್ನು ಕನ್ನಡದಲ್ಲೇ ಬರೆಯಬೇಕು, ಮಗು ತನ್ನ ಮಾತಿನಲ್ಲಿ ಬರೆಯಬೇಕು. ತಲೆಬರಹ ಇಲ್ಲ, ಎಲ್ಲ ಗುರುತುಗಳೂ ಕಲಸಿರುತ್ತವೆ. ಇನ್ನೊಂದು ಮುಖ್ಯ ಸಂಗತಿ, ಹತ್ತರಲ್ಲಿ ಎರಡು ಮೂರು ವಾಕ್ಯಗಳಲ್ಲಿ ತಪ್ಪೇ ಇರುವುದಿಲ್ಲ. ಅಲ್ಲಿ ‘ತಿದ್ದುವಂಥದ್ದು ಏನೂ ಇಲ್ಲ, ಯಾಕೆಂದರೆ…’ ಅಂತ ಬರೆಯಬೇಕು. ಮಕ್ಕಳಿಗೆ ಅತಿ ಕಷ್ಟವಾಗುವುದು ಅದೇ. ತಪ್ಪು ವಾಕ್ಯ ಅಚ್ಚುಹಾಕಿ ಕೊಟ್ಟರೆ ತಪ್ಪೇ ನೆನಪಿನಲ್ಲಿ ಉಳಿಯುತ್ತದೆ ಅಂತ ಕೆಲವು ಹಿರಿಯ ಗುರುಗಳು ಆಕ್ಷೇಪ ತೆಗೆದರು. ಆ ಮಾತಿನಲ್ಲಿ ಹುರುಳಿದೆ. ಅದಕ್ಕಾಗಿಯೇ ಬರೀ ಗೀರು ಹಾಕಿ ಬಿಡುವಂತಿಲ್ಲ, ಸರಿ ವಾಕ್ಯವನ್ನು ಮೊದಲಿಂದ ಕಡೆಯವರೆಗೆ ಕೈಯಿಂದ ಬರೆದು, ತಪ್ಪು ಸಾಲಿನ ಮೇಲೆ ಅಡ್ಡಗೆರೆ ಎಳೆಯಬೇಕು ಅಂತ ಇಟ್ಟುಕೊಂಡೆವು.

ಮೂರನೆಯ ಅಂಕಣಕ್ಕೆ ಬಂದಾಗ ಎಲ್ಲರೂ ನಿಂತರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ಕೇಳಿದಳು: “ಅಣ್ಣಾರ, ಕನ್ನಡದಾಗ ಈ ಗೀರು ಇಲ್ಲ, ದೊಡ್ಡ ಎಬಿಸಿಡಿ ಸಣ್ಣ ಎಬಿಸಿಡಿ ಇಲ್ಲ. ಆದ್ರೂ ನಮಗ ತಿಳೀತೈತಿ. ಇಂಗ್ಲಿಷಿನವ್ರಿಗೆ ಯಾಕ ತಿಳಿಯೂದಿಲ್ರೀ?”

ಇಂಥ ಪ್ರಶ್ನೆಯನ್ನು ನಾನು ಬಿಇ ಮುಗಿಸುವವರೆಗೂ ಯಾರೂ ಕೇಳಿದ್ದು ನೆನಪಿಲ್ಲ. ಅವಳಿಗೆ ಉತ್ತರ ಹುಡುಕುವಾಗ ಕೈಗೆ ಸಿಕ್ಕಿದ್ದು ಅವಳದೇ ಕನ್ನಡ ವ್ಯಾಕರಣದ ನೋಟ್‌ಬುಕ್ಕು. ನಮ್ಮ ಭಾಷೆ ಯಾವ ಕೆಲಸವನ್ನು ಪದದ ತುದಿಯ ಪ್ರತ್ಯಯದಿಂದ ಮಾಡುತ್ತದೆಯೋ, ಇಂಗ್ಲಿಷ್ ಅದರಲ್ಲಿ ಒಂದಿಷ್ಟನ್ನು ಗುರುತಿನಿಂದ ಮಾಡುತ್ತದೆ. ಆದ್ದರಿಂದ ‘ಯಾಕೆ?’ ಅನ್ನುವ ಅಂಕಣಕ್ಕೆ ಬೇಕಾದ ಬಹುತೇಕ ಕಾರಣಗಳು ವಿಭಕ್ತಿ, ಸಂಧಿ, ನಾಮಪದ ಅನ್ನುವ ಪಾಠಗಳಲ್ಲಿ ಆಗಲೇ ಇವೆ. ಒಂದು ಹಾಳೆಯನ್ನೇ ಬಿಡಿಸಿ ತೋರಿಸುತ್ತೇನೆ. ಇದರಲ್ಲಿರುವುದು ನಮ್ಮ ನವಿಲುತೀರ್ಥದ ಅಣೆಕಟ್ಟಿನ ಮಾತೇ.

```
last friday my brothers wife took me to savadatti, we saw
the dam at navilutirth. its wall is strong and its built
across the malaprabha river. she bought bananas coconuts
and flowers. i recieved two banana's.
```

ಮೊದಲು ಅಣ್ಣನ ಹೆಂಡತಿ. ನಾವು ‘ವೈನಿ’ ಅಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ, ಇಂಗ್ಲಿಷಿಗೆ ಆ ಸೌಕರ್ಯ ಇಲ್ಲ. ‘ಬ್ರದರ್ಸ್’ ಅಂತ ಕಿವಿಗೆ ಕೇಳಿದ್ದು ಮೂರು ಆಗಬಹುದು: ಅಣ್ಣಂದಿರು, ಅಣ್ಣನ, ಅಣ್ಣಂದಿರ. ಉಚ್ಚಾರದಲ್ಲಿ ಮೂರೂ ಒಂದೇ. ಕನ್ನಡದಲ್ಲಿ ಮೂರಕ್ಕೂ ಮೂರು ರೂಪ ಇರುವುದರಿಂದ ನಮಗೆ ಗೊಂದಲವೇ ಇಲ್ಲ. ಇಲ್ಲಿ ಬೇಕಾದದ್ದು ‘ಅಣ್ಣನ’, ಅಂದರೆ ‘ಅ’ ಪ್ರತ್ಯಯದ ಷಷ್ಠೀ ವಿಭಕ್ತಿ, ಏಕವಚನ. ಆದ್ದರಿಂದ ಮೊದಲು ಗೀರು, ಆಮೇಲೆ ಎಸ್. ‘ಅಣ್ಣಂದಿರು’ ಆಗಿದ್ದರೆ ಅದು ಪ್ರಥಮಾ ವಿಭಕ್ತಿ, ಗೀರೇ ಬೇಡ. ‘ಅಣ್ಣಂದಿರ’ ಆಗಿದ್ದರೆ ಬಹುವಚನದ ಷಷ್ಠಿ, ಎಸ್ ಬರೆದ ಮೇಲೆ ಗೀರು.

```
my brothers        ಅಣ್ಣಂದಿರು
my brother's wife  ಅಣ್ಣನ ಹೆಂಡತಿ
my brothers' house ಅಣ್ಣಂದಿರ ಮನೆ
```

ಎರಡನೆಯ ಸಾಲಿನಲ್ಲಿ ಗೀರನ್ನು ಎಸ್ ಆದಮೇಲೆ ಹಾಕಿದರೆ ಅಣ್ಣಂದಿರೆಲ್ಲರಿಗೂ ಸೇರಿ ಒಬ್ಬಳೇ ಹೆಂಡತಿ ಅಂತಾಗಿ ದ್ರೌಪದಿಯ ಕಥೆಯಾಗುತ್ತದೆ. ಇದನ್ನು ಹೇಳಿದ ದಿನ ತರಗತಿ ನಕ್ಕಿದ್ದು ಪಕ್ಕದ ಕೋಣೆಗೂ ಕೇಳಿತು, ಆದರೆ ಆಮೇಲೆ ಆ ಗೀರಿನ ಜಾಗವನ್ನು ಯಾರೂ ಮರೆಯಲಿಲ್ಲ.

ಕೊನೆಯ ಸಾಲಿನ ಬಾಳೆಹಣ್ಣಿಗೂ ಇದೇ ಪರೀಕ್ಷೆ. ‘ನನಗೆ ಎರಡು ಬಾಳೆಹಣ್ಣು ಸಿಕ್ಕವು.’ ಬಾಳೆಹಣ್ಣಿನ ಸಿಪ್ಪೆ ಅಲ್ಲ, ಬಾಳೆಹಣ್ಣಿನ ಬೆಲೆ ಅಲ್ಲ, ಬರೀ ಬಾಳೆಹಣ್ಣು. ಷಷ್ಠಿ ಇಲ್ಲ, ಗೀರು ಇಲ್ಲ.

ಇನ್ನು ಅಣೆಕಟ್ಟಿನ ಸಾಲಿನಲ್ಲಿ ಎರಡು ‘ಇಟ್ಸ್’ ಇವೆ. ಒಂದು ಸರಿ, ಒಂದು ತಪ್ಪು. ಮಕ್ಕಳು ಎರಡಕ್ಕೂ ಗೀರು ಹಾಕುತ್ತಾರೆ, ಇಲ್ಲವೆ ಎರಡನ್ನೂ ಬಿಡುತ್ತಾರೆ. ಕನ್ನಡಕ್ಕೆ ತಿರುಗಿಸಿ ನೋಡಿ. ‘ಅದರ ಗೋಡೆ ಗಟ್ಟಿಯಾಗಿದೆ, ಅದು ಮಲಪ್ರಭಾ ನದಿಗೆ ಅಡ್ಡಲಾಗಿ ಕಟ್ಟಿದ್ದು.’ ಮೊದಲನೆಯದು ‘ಅದರ’, ಎರಡನೆಯದು ‘ಅದು’. ಇಲ್ಲಿ ಜಾಣ ಮಕ್ಕಳು ತಕ್ಷಣ ತಕರಾರು ತೆಗೆಯುತ್ತಾರೆ: ‘ಅದರ’ ಅನ್ನುವುದೂ ಷಷ್ಠಿಯೇ ಅಲ್ಲವೇ, ಹಾಗಾದರೆ ಅದಕ್ಕೇ ಗೀರು ಬರಬೇಕಲ್ಲ? ತಕರಾರು ನ್ಯಾಯವಾದದ್ದು. ಅದಕ್ಕೆ ಷಷ್ಠಿಯ ಪರೀಕ್ಷೆಯ ಹಿಂದೆಯೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು, ಇದು ನಾಮಪದವೋ ಸರ್ವನಾಮವೋ ಅಂತ. ಇಂಗ್ಲಿಷಿನ ಸರ್ವನಾಮಗಳಿಗೆ ಷಷ್ಠಿಯ ರೂಪ ಮೊದಲೇ ಸಿದ್ಧವಾಗಿದೆ: ಮೈ, ಯುವರ್, ಹಿಸ್, ಹರ್, ಇಟ್ಸ್, ದೇರ್. ‘ಹಿಸ್’ ಅನ್ನುವುದರಲ್ಲಿ ಗೀರು ಹಾಕಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ, ‘ಇಟ್ಸ್’ ಅದರ ತಂಗಿ. ಇಂಗ್ಲಿಷಿನವರೇ ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇದಕ್ಕೆ ಗೀರು ಹಾಕಿ ಬರೆದದ್ದುಂಟು, ಆಮೇಲೆ ಬಿಟ್ಟರು. ಆದ್ದರಿಂದ ನಮ್ಮ ಮಕ್ಕಳಿಗೆ ಇಲ್ಲಿ ಎಡವಿದರೆ ನಾಚಿಕೆಪಡುವಂಥದ್ದೇನೂ ಇಲ್ಲ.

ಎರಡನೆಯ ‘ಇಟ್ಸ್’ಗೆ ಗೀರು ಬರುವ ಕಾರಣ ಬೇರೆ. ಅದು ‘ಇಟ್ ಈಸ್’ ಅನ್ನುವ ಎರಡು ಪದ ಕೂಡಿ ನಡುವಿನ ಐ ಬಿದ್ದುಹೋಗಿ ಆದದ್ದು. ಊರು ಮತ್ತು ಅಲ್ಲಿ ಸೇರಿ ಊರಲ್ಲಿ, ಮಾತು ಮತ್ತು ಇಲ್ಲ ಸೇರಿ ಮಾತಿಲ್ಲ. ಇದಕ್ಕೆ ಏನೆನ್ನುತ್ತೀರಿ ಅಂತ ಕೇಳಿದರೆ ಇಡೀ ತರಗತಿ ಒಂದೇ ಸಲ ಕೂಗುತ್ತದೆ, ಲೋಪಸಂಧಿ! ವ್ಯತ್ಯಾಸ ಇಷ್ಟೇ, ನಾವು ಅಕ್ಷರ ಬಿಟ್ಟ ಜಾಗಕ್ಕೆ ಗುರುತು ಇಡುವುದಿಲ್ಲ, ಅವರು ಇಡುತ್ತಾರೆ. ಇದು ತಿಳಿದ ಮೇಲೆ ಇನ್ನೊಂದು ಹಳೆಯ ತಪ್ಪು ತಾನಾಗಿ ಹೋಗುತ್ತದೆ. ‘ಡೋಂಟ್’ ಬರೆಯುವಾಗ ಬಹಳ ಮಕ್ಕಳು ಗೀರನ್ನು ಎರಡು ಪದ ಕೂಡಿದ ಜಾಗದಲ್ಲಿ ಇಡುತ್ತಾರೆ.

```
do not  ->  do'nt   (ತಪ್ಪು)
do not  ->  don't   (ಸರಿ)
```

ಗೀರು ಬರಬೇಕಾದದ್ದು ಸಂಧಿಯಾದ ಜಾಗದಲ್ಲಲ್ಲ, ಲೋಪವಾದ ಜಾಗದಲ್ಲಿ. ಬಿದ್ದುಹೋದ ಅಕ್ಷರ ‘ನಾಟ್’ ಅನ್ನುವುದರ ನಡುವಿನ ಓ. ಆದ್ದರಿಂದ ಎನ್ ಮತ್ತು ಟಿ ನಡುವೆ ಗೀರು. ಅಪಾಸ್ಟ್ರಫಿ ಅನ್ನುವ ಗುರುತು ಹದಿನಾರನೆಯ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದೇ ಅಕ್ಷರ ಬಿಟ್ಟಿದ್ದೇವೆ ಅಂತ ತೋರಿಸಲಿಕ್ಕೆ. ಹಳೆಯ ಇಂಗ್ಲಿಷಿನಲ್ಲಿ ಅನೇಕ ನಾಮಪದಗಳ ಷಷ್ಠಿಗೆ ಇ ಮತ್ತು ಎಸ್ ಸೇರಿದ ಪ್ರತ್ಯಯ ಇತ್ತು, ಆಡುವ ಮಾತಿನಲ್ಲಿ ಆ ಇ ಸವೆದುಹೋಯಿತು. ಹಾಗೆ ನೋಡಿದರೆ ‘ಅಣ್ಣನ’ ಅನ್ನುವ ಗೀರೂ ಲೋಪಸಂಧಿಯ ಮೊಮ್ಮಗಳೇ.

ಷಷ್ಠಿಯ ಪರೀಕ್ಷೆ ಒಂದು ಕಡೆ ಕೈಕೊಡುತ್ತದೆ, ಅದನ್ನೂ ಹಾಳೆಯಲ್ಲಿ ಸೇರಿಸಿದ್ದೇವೆ. ರಜೆಯ ಚೀಟಿಯಲ್ಲಿ ‘ಎರಡು ದಿನದ ರಜೆ’ ಅಂತ ಬರೆಯುತ್ತೀರಲ್ಲ. ‘ದಿನದ’ ಅನ್ನುವುದು ಷಷ್ಠಿ, ಗೀರು ಬೇಕು ಅಂತ ಗೊತ್ತಾಯಿತು. ಎಲ್ಲಿ? ಕನ್ನಡದಲ್ಲಿ ಎರಡು ಅನ್ನುವ ಸಂಖ್ಯೆ ಇದ್ದರೆ ಸಾಕು, ‘ದಿನಗಳ’ ಅನ್ನಲೇಬೇಕಾಗಿಲ್ಲ, ‘ದಿನದ’ ಅಂದರೂ ನಡೆಯುತ್ತದೆ. ಆ ‘ದಿನದ’ ನೋಡಿ ಮಗು ಏಕವಚನ ಅಂದುಕೊಂಡು ಎಸ್‌ಗಿಂತ ಮೊದಲು ಗೀರು ಹಾಕಿಬಿಡುತ್ತದೆ. ವಿಭಕ್ತಿ ಯಾವುದು ಅಂತ ಕನ್ನಡ ಹೇಳುತ್ತದೆ, ವಚನ ಯಾವುದು ಅಂತ ಮಾತ್ರ ಇಂಗ್ಲಿಷ್ ವಾಕ್ಯವನ್ನೇ ಕೇಳಬೇಕು.

```
one day's leave
two days' leave
```

‘ಶಾಲೆಯ ಗೇಟು’, ‘ಮೇಜಿನ ಕಾಲು’ ಅನ್ನುವಲ್ಲಿಯೂ ಷಷ್ಠಿ ಇದೆ, ಆದರೆ ಇಂಗ್ಲಿಷಿನವರು ಅಲ್ಲಿ ಸಾಮಾನ್ಯವಾಗಿ ಗೀರಿಲ್ಲದೆ ಎರಡು ನಾಮಪದಗಳನ್ನು ಪಕ್ಕಪಕ್ಕದಲ್ಲೇ ಇಟ್ಟುಬಿಡುತ್ತಾರೆ, ಇಲ್ಲವೆ ‘ಆಫ್’ ಹಾಕುತ್ತಾರೆ. ಇದಕ್ಕೆ ಓದಿ ಓದಿ ರೂಢಿಯಾಗಬೇಕು, ನನ್ನ ಹತ್ತಿರ ಚಿಕ್ಕ ಸೂತ್ರ ಇಲ್ಲ.

ಈಗ ದೊಡ್ಡಕ್ಷರಕ್ಕೆ ಬರೋಣ. ನಮ್ಮ ಮಕ್ಕಳ ಕಣ್ಣಿಗೆ ಬೀಳುವ ಇಂಗ್ಲಿಷ್ ಎಂಥದ್ದು ಅಂತ ಒಂದು ಸಲ ಯೋಚಿಸಿ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಗೊಬ್ಬರದ ಚೀಲ, ಇವೆಲ್ಲ ಬಹುತೇಕ ಪೂರ್ತಿ ದೊಡ್ಡಕ್ಷರ. ಮೊಬೈಲಿನ ವಾಟ್ಸಾಪ್ ಪೂರ್ತಿ ಸಣ್ಣಕ್ಷರ. ಎರಡೂ ಕಲಸಿ ಬರುವ ಸರಿಯಾದ ಬರಹ ಪಠ್ಯಪುಸ್ತಕ ಬಿಟ್ಟರೆ ಎಲ್ಲೂ ಕಾಣುವುದಿಲ್ಲ. ಹೀಗಿರುವಾಗ ಎಲ್ಲಿ ಯಾವುದು ಅಂತ ಊಹಿಸುವುದು ಹೇಗೆ?

ಕನ್ನಡ ಗುರುಗಳು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಅಂತ ಕಲಿಸಿದ್ದಾರೆ. ನದಿ ರೂಢನಾಮ, ಮಲಪ್ರಭಾ ಅಂಕಿತನಾಮ. ಊರು ರೂಢನಾಮ, ಚಚಡಿ ಅಂಕಿತನಾಮ. ವಾರ ರೂಢನಾಮ, ಶುಕ್ರವಾರ ಅಂಕಿತನಾಮದ ಹಾಗೆ. ದೊಡ್ಡಕ್ಷರ ಅಂದರೆ ಅಂಕಿತನಾಮಕ್ಕೆ ತೊಡಿಸಿದ ರುಮಾಲು. ನಮ್ಮ ಹಾಳೆಯಲ್ಲಿ ಶುಕ್ರವಾರ, ಸವದತ್ತಿ, ನವಿಲುತೀರ್ಥ, ಮಲಪ್ರಭಾ ನಾಲ್ಕಕ್ಕೂ ಅದೇ ಕಾರಣ. ‘ರಿವರ್’ ಅನ್ನುವುದು ಒಂಟಿಯಾಗಿ ಬಂದಾಗ ಸಣ್ಣಕ್ಷರ, ಮಲಪ್ರಭಾ ಜೊತೆ ಸೇರಿ ಒಂದೇ ಹೆಸರಾದಾಗ ಅದಕ್ಕೂ ದೊಡ್ಡಕ್ಷರ. ‘ನಮ್ಮ ಮುಖ್ಯಗುರುಗಳು’ ಅಂತ ವಾಕ್ಯದ ನಡುವೆ ಬರೆದರೆ ಸಣ್ಣಕ್ಷರ ಸಾಕು, ಅರ್ಜಿಯ ವಿಳಾಸದಲ್ಲಿ ಆ ಹುದ್ದೆಯೇ ಹೆಸರಾಗಿ ನಿಂತಾಗ ದೊಡ್ಡಕ್ಷರ ಬೇಕು. ಕನ್ನಡ ವಿಷಯಕ್ಕೆ ದೊಡ್ಡಕ್ಷರ, ವಿಜ್ಞಾನಕ್ಕೆ ಸಣ್ಣಕ್ಷರ. ಇದು ಮಕ್ಕಳಿಗೆ ಬಹಳ ಹಿಡಿಸಿತು. ಕನ್ನಡ ಅನ್ನುವುದು ಒಂದು ಭಾಷೆಯ ಅಂಕಿತನಾಮ, ವಿಜ್ಞಾನ ಯಾರ ಹೆಸರೂ ಅಲ್ಲ.

ಎರಡು ಕಡೆ ಮಾತ್ರ ಅಂಕಿತನಾಮದ ಕಾರಣ ಹತ್ತುವುದಿಲ್ಲ. ವಾಕ್ಯದ ಮೊದಲ ಅಕ್ಷರ ದೊಡ್ಡದಾಗುವುದು ಎಲ್ಲಿಂದ ಹೊಸ ವಾಕ್ಯ ಶುರು ಅಂತ ತೋರಿಸಲಿಕ್ಕೆ. ‘ಐ’ ಅನ್ನುವ ‘ನಾನು’ ಯಾವಾಗಲೂ ದೊಡ್ಡದಾಗಿರುವುದಕ್ಕೆ ಅಹಂಕಾರ ಕಾರಣವಲ್ಲ. ಕೈಬರಹದ ಕಾಲದಲ್ಲಿ ಒಂಟಿ ಸಣ್ಣ ಐ ಅಕ್ಕಪಕ್ಕದ ಗೆರೆಗಳಲ್ಲಿ ಕಳೆದುಹೋಗುತ್ತಿತ್ತು, ಕಾಣಲಿ ಅಂತ ಉದ್ದ ಎಳೆದರು, ಅದೇ ನಿಂತುಬಿಟ್ಟಿತು.

ಸವದತ್ತಿಯ ಹೆಸರಿನಲ್ಲಿ ಇನ್ನೊಂದು ಪೇಚಿದೆ. ಇಂಗ್ಲಿಷಿನಲ್ಲಿ ಅದನ್ನು ಎರಡು ಥರ ಬರೆದದ್ದು ನೀವೆಲ್ಲ ನೋಡಿದ್ದೀರಿ.

```
Savadatti
Saundatti
```

ವಿಧಾನಸಭಾ ಕ್ಷೇತ್ರದ ಹೆಸರಿನಲ್ಲಿ ಎರಡನೆಯದಿದೆ. ಮಕ್ಕಳು ‘ಯಾವುದು ತಪ್ಪು?’ ಅಂತ ಕೇಳುತ್ತಾರೆ. ಯಾವುದೂ ತಪ್ಪಲ್ಲ, ಆದರೆ ಒಂದೇ ಕಾಗದದಲ್ಲಿ ಎರಡನ್ನೂ ಬರೆಯುವುದು ತಪ್ಪು, ಯಾಕೆಂದರೆ ಹೊರಗಿನವರು ಎರಡು ಊರು ಅಂದುಕೊಳ್ಳುತ್ತಾರೆ. ಬೆಳಗಾವಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾಯಿತು. ಅಪ್ಪನ ಹಳೆಯ ದಾಖಲೆಯಲ್ಲಿ ಬೆಲ್ಗಾಮ್ ಅಂತಿದ್ದರೆ ಅದು ತಿದ್ದುವಂಥ ತಪ್ಪಲ್ಲ, ನೀವು ಇಂದು ಬರೆಯುವ ಅರ್ಜಿಯಲ್ಲಿ ಹೊಸದನ್ನು ಬರೆಯಬೇಕು. ಹೆಸರಿನ ಕಾಗುಣಿತವನ್ನು ತೀರ್ಮಾನಿಸುವುದು ಉಚ್ಚಾರವಲ್ಲ, ದಾಖಲೆ.

ಮಿಕ್ಕ ಕಾಗುಣಿತದ ತಪ್ಪು ನಮ್ಮ ಪ್ಯಾರಾದಲ್ಲಿ ಒಂದೇ ಇದೆ, ‘ರಿಸೀವ್ಡ್’. ಅಲ್ಲಿ ‘ಈ’ ಅನ್ನುವ ಧ್ವನಿ ಸಿ ಅಕ್ಷರದ ಹಿಂದೆಯೇ ಬಂದಿದೆ, ಹಾಗೆ ಬಂದಾಗ ಮೊದಲು ಇ, ಆಮೇಲೆ ಐ. ಡಿಸೀವ್, ಸೀಲಿಂಗ್, ರಿಸೀಟ್ ಎಲ್ಲ ಒಂದೇ ಮನೆಯ ಹಾಗೆ ನಡೆಯುತ್ತವೆ. ಅಂದಹಾಗೆ, ನಮ್ಮ ರಸೀದಿ ಆ ರಿಸೀಟಿನಿಂದ ಬಂದದ್ದಲ್ಲ, ಅದು ಫಾರ್ಸಿಯದು.

ಅಲ್ಪವಿರಾಮವನ್ನು ಕಡೆಗೆ ಇಟ್ಟುಕೊಂಡೆ, ಯಾಕೆಂದರೆ ಇದರಲ್ಲೇ ನಮ್ಮವರ ಕೈ ಹೆಚ್ಚು ಜಾರುವುದು. ಪ್ಯಾರಾದ ಮೊದಲ ವಾಕ್ಯವನ್ನು ಮತ್ತೆ ನೋಡಿ. ‘ಅಣ್ಣನ ಹೆಂಡತಿ ನನ್ನನ್ನು ಸವದತ್ತಿಗೆ ಕರೆದೊಯ್ದಳು, ನಾವು ಅಣೆಕಟ್ಟು ನೋಡಿದೆವು.’ ಕನ್ನಡದಲ್ಲಿ ಇದು ಕಿವಿಗೆ ಹಿತವಾಗಿಯೇ ಇದೆ. ನಾವು ‘ಬಂದು, ಉಂಡು, ಮಲಗಿದೆ’ ಅಂತ ಅಪೂರ್ಣ ಕ್ರಿಯಾಪದಗಳನ್ನು ಮಾಲೆಯಂತೆ ಪೋಣಿಸಿ ಕೊನೆಗೊಂದು ಪೂರ್ಣ ಕ್ರಿಯಾಪದದಿಂದ ಗಂಟು ಹಾಕುವವರು. ಆ ರೂಢಿಯಲ್ಲಿಯೇ ಇಂಗ್ಲಿಷ್ ಬರೆದಾಗ ಪ್ರತಿ ಮಣಿಯೂ ಪೂರ್ಣ ವಾಕ್ಯವಾಗಿ, ನಡುವೆ ಬರೀ ಅಲ್ಪವಿರಾಮ ಉಳಿಯುತ್ತದೆ. ಎರಡು ಪೂರ್ಣ ವಾಕ್ಯಗಳನ್ನು ಕಟ್ಟುವಷ್ಟು ಬಲ ಇಂಗ್ಲಿಷಿನ ಅಲ್ಪವಿರಾಮಕ್ಕಿಲ್ಲ ಅಂತ ಅಲ್ಲಿಯ ನಿಯಮ. ಪರೀಕ್ಷೆ ಸುಲಭ. ಅಲ್ಪವಿರಾಮದ ಎಡಕ್ಕೂ ಬಲಕ್ಕೂ ನೋಡಿ. ಕನ್ನಡದಲ್ಲಿ ಎರಡು ಕಡೆಯೂ ‘ಕರೆದೊಯ್ದಳು’, ‘ನೋಡಿದೆವು’ ಅನ್ನುವಂಥ ಪೂರ್ಣ ಕ್ರಿಯಾಪದ ಬಂದರೆ, ಅಲ್ಲಿ ಪೂರ್ಣವಿರಾಮ ಇಡಬೇಕು, ಇಲ್ಲವೆ ‘ಆ್ಯಂಡ್’ ಅಥವಾ ‘ಬಟ್’ ಹಾಕಿ ಅಲ್ಪವಿರಾಮಕ್ಕೆ ಜೊತೆ ಕೊಡಬೇಕು. ಗೋಡೆಯ ವಾಕ್ಯದಲ್ಲಿ ‘ಆ್ಯಂಡ್’ ಇದೆ, ಅದರ ಮುಂಚೆ ಒಂದು ಅಲ್ಪವಿರಾಮ ಸೇರಿಸಿದರೆ ಸರಿಹೋಗುತ್ತದೆ.

ಪಟ್ಟಿಯ ಅಲ್ಪವಿರಾಮಕ್ಕೂ ಕಾರಣ ನಮ್ಮಲ್ಲೇ ಇದೆ. ಬಾಳೆಹಣ್ಣೂ ಕಾಯಿಯೂ ಹೂವೂ ಅಂದರೆ ಒಂದೊಂದು ಪದವೂ ತನ್ನ ‘ಊ’ ಹೊತ್ತುಕೊಂಡು ಬಂದಿರುತ್ತದೆ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಅನುಮಾನವಿಲ್ಲ. ಇಂಗ್ಲಿಷಿನಲ್ಲಿ ಆ ಬೇಲಿಯನ್ನು ಅಲ್ಪವಿರಾಮ ಹಾಕುತ್ತದೆ. ಕಡೆಯ ‘ಆ್ಯಂಡ್’ಗೆ ಮುಂಚೆಯೂ ಅಲ್ಪವಿರಾಮ ಬೇಕೋ ಬೇಡವೋ ಅನ್ನುವುದು ಇಂಗ್ಲಿಷಿನವರಲ್ಲೇ ಮುಗಿಯದ ಜಗಳ. ನಮ್ಮ ಹೂವಿನ ವಾಕ್ಯಕ್ಕೆ ಬೇಡ. ಆದರೆ ಅಮೆರಿಕದ ಮೇನ್ ರಾಜ್ಯದಲ್ಲಿ ಅದೇ ಒಂದು ಅಲ್ಪವಿರಾಮ ಕೋರ್ಟಿಗೆ ಹೋಯಿತು. ಹಾಲಿನ ಡೈರಿಯೊಂದರ ಚಾಲಕರು ಹೆಚ್ಚುವರಿ ಗಂಟೆಯ ಕೂಲಿ ಕೇಳಿದರು. ಆ ಕೂಲಿ ಯಾವ ಯಾವ ಕೆಲಸಕ್ಕೆ ಕೊಡಬೇಕಾಗಿಲ್ಲ ಅಂತ ಕಾನೂನಿನಲ್ಲಿ ಒಂದು ಉದ್ದ ಪಟ್ಟಿ ಇತ್ತು. ಪಟ್ಟಿಯ ಕೊನೆ ಹೀಗಿತ್ತು.

```
packing for shipment or distribution
```

‘ಸಾಗಣೆಗೋ ವಿತರಣೆಗೋ ಕಟ್ಟುವುದು’ ಅಂತ ಓದಬಹುದು, ಆಗ ಪಟ್ಟಿಯಲ್ಲಿರುವುದು ಕಟ್ಟುವ ಕೆಲಸ ಒಂದೇ. ‘ಸಾಗಣೆಗೆ ಕಟ್ಟುವುದು, ಅಥವಾ ವಿತರಿಸುವುದು’ ಅಂತಲೂ ಓದಬಹುದು, ಆಗ ವಿತರಣೆಯೂ ಪಟ್ಟಿಗೆ ಸೇರಿತು. ಚಾಲಕರು ಹಾಲು ಕಟ್ಟುವವರಲ್ಲ, ಮುಟ್ಟಿಸುವವರು. ಅಲ್ಲಿ ಒಂದು ಅಲ್ಪವಿರಾಮ ಇದ್ದಿದ್ದರೆ ಎರಡನೆಯ ಅರ್ಥವೇ ನಿಲ್ಲುತ್ತಿತ್ತು. ಇರಲಿಲ್ಲವಾದ್ದರಿಂದ ಅರ್ಥ ಸ್ಪಷ್ಟವಿಲ್ಲ ಅಂತ 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಪರ ಹೇಳಿತು, ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಕನ್ನಡದಲ್ಲಿ ನಾನು ಈಗ ಹೇಳಿದ ಎರಡು ಅರ್ಥಕ್ಕೂ ಬೇರೆ ಬೇರೆ ಪ್ರತ್ಯಯ ಬಂದದ್ದನ್ನು ಗಮನಿಸಿದಿರಾ? ‘ವಿತರಣೆಗೋ’ ಅಂದರೆ ಚತುರ್ಥೀ ವಿಭಕ್ತಿ, ‘ವಿತರಿಸುವುದು’ ಅಂದರೆ ಬೇರೆ. ನಮಗೆ ವಿಭಕ್ತಿ ಮಾಡಿಕೊಡುವ ಕೆಲಸ ಅದು.

ಸಂಬೋಧನೆಗೂ ಹೀಗೆಯೇ. ‘ಬಸವನನ್ನು ಕರೆಯುವುದು ನಿಲ್ಲಿಸು’ ಮತ್ತು ‘ಬಸವಾ, ಕರೆಯುವುದು ನಿಲ್ಲಿಸು’, ಒಂದರಲ್ಲಿ ದ್ವಿತೀಯಾ, ಇನ್ನೊಂದರಲ್ಲಿ ಸಂಬೋಧನೆ. ಇಂಗ್ಲಿಷಿನಲ್ಲಿ ಬಸವ ಎರಡರಲ್ಲೂ ಬಸವನೇ.

```
Stop calling Basava.
Stop calling, Basava.
```

ಯಾರನ್ನು ಕರೆದು ಮಾತಾಡುತ್ತೀರೋ ಆ ಹೆಸರಿಗೆ ಅಲ್ಪವಿರಾಮದ ಬೇಲಿ ಬೇಕು. ಇ-ಮೇಲಿನ ಮೊದಲ ಸಾಲಿನಲ್ಲಿ ‘ಸರ್’ ಆದಮೇಲೆ ಅಲ್ಪವಿರಾಮ ಹಾಕುವುದೂ ಇದಕ್ಕೇ.

ನನ್ನ ಕಸುಬಿನ ಒಂದು ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ಈ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಿದಿರಲ್ಲ, ಅಂಥ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸಿಎಸ್‌ವಿ ಅನ್ನುವ ರೂಪದಲ್ಲಿ ಇಟ್ಟರೆ, ಅಲ್ಪವಿರಾಮ ಕಂಡಲ್ಲೆಲ್ಲ ಅದು ಹೊಸ ಅಂಕಣ ಅಂತ ತಿಳಿಯುತ್ತದೆ. ವಿಳಾಸದಲ್ಲಿ ಚಚಡಿ ಆದಮೇಲೆ ಒಂದು ಅಲ್ಪವಿರಾಮ ಹಾಕಿ ಸವದತ್ತಿ ಅಂತ ಬರೆದರೆ, ಸವದತ್ತಿ ಹೋಗಿ ವರ್ಷದ ಅಂಕಣದಲ್ಲಿ ಕೂರುತ್ತದೆ. ಅದಕ್ಕೆ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡುತ್ತೇವೆ.

```
Name,Address,Year
Basavaraj,"Chachadi, Savadatti",2004
```

ಒಂದೇ ಸಾಲಿನ ಮೂರು ಅಲ್ಪವಿರಾಮಗಳಲ್ಲಿ ಎರಡು ಬೇಲಿ, ಒಂದು ಬೇಲಿಯಲ್ಲ. ಯಾವುದು ಯಾಕೆ ಬಂತು ಅಂತ ಯಂತ್ರಕ್ಕೂ ಹೇಳಿಕೊಡಬೇಕಾಗುತ್ತದೆ.

ನಮ್ಮ ಪ್ಯಾರಾ ತಿದ್ದಿದ ಮೇಲೆ ಹೀಗಾಯಿತು. ಶುಕ್ರವಾರದ ನಂತರದ ಅಲ್ಪವಿರಾಮ ಬಿಟ್ಟರೂ ತಪ್ಪೆನ್ನಲಾಗದು, ನಾನು ಓದುವವರ ಉಸಿರಿಗಾಗಿ ಇಟ್ಟಿದ್ದೇನೆ.

```
Last Friday, my brother's wife took me to Savadatti. We saw
the dam at Navilutirth. Its wall is strong, and it's built
across the Malaprabha River. She bought bananas, coconuts
and flowers. I received two bananas.
```

ಅರ್ಜಿ, ಇ-ಮೇಲ್‌ಗಳಲ್ಲಿ ಮಾತ್ರ ಆ ಲೋಪಸಂಧಿಯ ‘ಇಟ್ಸ್’ ಬೇಡ, ‘ಇಟ್ ಈಸ್’ ಅಂತ ಬಿಡಿಸಿ ಬರೆಯಿರಿ. ಮರ್ಯಾದೆಗೂ ಒಳ್ಳೆಯದು, ಗೀರಿನ ಚಿಂತೆಯೂ ತಪ್ಪುತ್ತದೆ.

ಕನ್ನಡ ಪೂರ್ತಿ ಕೈಬಿಡುವ ಒಂದು ಜಾಗವನ್ನು ಹೇಳಿ ಮುಗಿಸುತ್ತೇನೆ. ‘ತಡವಾಗಿ ಬಂದ ವಿದ್ಯಾರ್ಥಿಗಳು ಹೊರಗೆ ನಿಂತರು.’ ಇದನ್ನು ಇಂಗ್ಲಿಷಿನಲ್ಲಿ ಎರಡು ಥರ ಬರೆಯಬಹುದು.

```
The students who came late stood outside.
The students, who came late, stood outside.
```

ಮೊದಲನೆಯದರಲ್ಲಿ ತಡವಾಗಿ ಬಂದವರಷ್ಟೇ ಹೊರಗೆ ನಿಂತರು, ಉಳಿದವರು ಒಳಗಿದ್ದಾರೆ. ಎರಡನೆಯದರಲ್ಲಿ ಎಲ್ಲರೂ ತಡವಾಗಿ ಬಂದರು, ಎಲ್ಲರೂ ಹೊರಗೆ. ನಮ್ಮ ‘ಬಂದ’ ಅನ್ನುವ ರೂಪ ಎರಡನ್ನೂ ಒಂದೇ ಮುಖ ಮಾಡಿಕೊಂಡು ಹೇಳುತ್ತದೆ, ಆದ್ದರಿಂದ ವಿಭಕ್ತಿ, ಸಂಧಿ ಯಾವುದೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ‘ಎಲ್ಲರೋ, ಕೆಲವರೋ?’ ಅಂತ ನೀವೇ ಕೇಳಿಕೊಂಡು, ಕೆಲವರಾದರೆ ಅಲ್ಪವಿರಾಮ ಬಿಡಬೇಕು, ಎಲ್ಲರಾದರೆ ಎರಡೂ ಕಡೆ ಹಾಕಬೇಕು. ಒಂದೇ ಕಡೆ ಹಾಕಿದರೆ ಅದು ಯಾವ ಲೆಕ್ಕಕ್ಕೂ ಬಾರದು.

ಇಂಥ ಹನ್ನೆರಡು ಹಾಳೆಗಳ ಪ್ರತಿಗಳನ್ನು ಗ್ರಂಥಾಲಯದ ಕಪಾಟಿನಲ್ಲಿ ಇಟ್ಟಿದ್ದೇವೆ. ಉತ್ತರಗಳನ್ನು ಹಿಂದೆ ಅಚ್ಚು ಹಾಕಿಲ್ಲ, ಗುರುಮಾತೆಯವರ ಹತ್ತಿರ ಇವೆ. ಅವರು ಎರಡನೆಯ ಅಂಕಣ ನೋಡುವ ಮುಂಚೆ ಮೂರನೆಯದನ್ನು ನೋಡುತ್ತಾರೆ, ಅದು ಖಾಲಿ ಇದ್ದರೆ ಹಾಳೆ ಹಿಂದಕ್ಕೆ ಬರುತ್ತದೆ.